ಏಳು ತುಂಡು ಕೆಲಸಗಳನ್ನು ಒಂದು ಬೋಧನಾ ಅನುಭವವಾಗಿ ಬರೆಯುವುದು

2024ರ ಸೆಪ್ಟೆಂಬರ್‌ನ ಒಂದು ಭಾನುವಾರ ನಮ್ಮ ಚಿಕ್ಕಪ್ಪನ ಮಗಳು ಅರಸೀಕೆರೆಯಿಂದ ಹಾಸನಕ್ಕೆ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಮೂರು ಪುಟದ ರೆಸ್ಯೂಮೆ. "ಅಕ್ಕ, ನಾಲ್ಕು ಕಡೆ ಕೊಟ್ಟಾಯ್ತು. ಒಬ್ಬರೂ ಕರೀಲಿಲ್ಲ. ಏನು ತಪ್ಪಿದೆ ಅಂತ ನೋಡ್ತೀಯಾ?" ಅಂದಳು.

ನಾನು ಹಾಸನದ ಒಂದು ಖಾಸಗಿ ಪದವಿ ಕಾಲೇಜಿನ ವಾಣಿಜ್ಯ ವಿಭಾಗದಲ್ಲಿದ್ದೇನೆ. ಪ್ರತಿ ವರ್ಷ ಬರುವ ಅರ್ಜಿಗಳ ಮೊದಲ ಜರಡಿ ನನ್ನ ಮೇಜಿನ ಮೇಲೇ ಆಗುತ್ತದೆ. ಹಾಗಾಗಿ ಅವಳ ರೆಸ್ಯೂಮೆ ತೆರೆದ ತಕ್ಷಣ ಏನಾಗಿದೆ ಅಂತ ಗೊತ್ತಾಯಿತು. ಎಂ.ಕಾಂ. ಮುಗಿಸಿದ ಮೂರು ವರ್ಷಗಳಲ್ಲಿ ಅವಳು ಮಾಡಿದ್ದು ಏಳು ಕೆಲಸ. ಏಳಕ್ಕೂ ಏಳು ತಲೆಬರಹ ಕೊಟ್ಟಿದ್ದಳು. ಪ್ರತಿಯೊಂದರ ಕೆಳಗೂ ಅದೇ ನಾಲ್ಕು ಸಾಲು: ಪಾಠ ಮಾಡಿದೆ, ಟೆಸ್ಟ್ ಕೊಟ್ಟೆ, ಪೇಪರ್ ತಿದ್ದಿದೆ, ಹಾಜರಾತಿ ನೋಡಿಕೊಂಡೆ. ಏಳು ನಾಲ್ಕಲ ಇಪ್ಪತ್ತೆಂಟು ಸಾಲು. ಅದರಲ್ಲಿ ಹೊಸ ವಿಷಯ ಅಂತ ಇದ್ದದ್ದು ನಾಲ್ಕೇ.

ಇಂಥ ರೆಸ್ಯೂಮೆ ಓದುವವರಿಗೆ ಎರಡು ಅನುಮಾನ ಬರುತ್ತವೆ. ಒಂದು, ಈಕೆ ಎಲ್ಲೂ ನಿಲ್ಲುವುದಿಲ್ಲವೇನೋ ಎಂಬುದು. ಇನ್ನೊಂದು, ಒಟ್ಟು ಎಷ್ಟು ಕಾಲ ನಿಜವಾಗಿ ಪಾಠ ಮಾಡಿದ್ದಾಳೆ ಎಂಬುದು. ಮೊದಲನೆಯದು ಅನ್ಯಾಯದ ಅನುಮಾನ. ಅತಿಥಿ ಉಪನ್ಯಾಸಕರ ಕೆಲಸ ಸೆಮಿಸ್ಟರ್‌ ಜೊತೆಗೇ ಮುಗಿಯುತ್ತದೆ, ಬಿಟ್ಟು ಹೋಗುವ ಮಾತೇ ಇಲ್ಲ. ಆದರೆ ಏಳು ತಲೆಬರಹ ನೋಡಿದ ಕಣ್ಣಿಗೆ ಅದು ಹೊಳೆಯುವುದಿಲ್ಲ. ಎರಡನೆಯ ಅನುಮಾನಕ್ಕೆ ಉತ್ತರ ಅವಳ ಮೂರು ಪುಟದಲ್ಲೂ ಇರಲಿಲ್ಲ. ಓದುವವರೇ ಬೆರಳು ಮಡಿಸಿ ಲೆಕ್ಕ ಹಾಕಬೇಕಿತ್ತು. ಅರವತ್ತು ಅರ್ಜಿ ಮುಂದಿದ್ದಾಗ ಯಾರು ಹಾಕ್ತಾರೆ, ಹೇಳಿ?

ಇದಕ್ಕೆ ದಾರಿ ಎಂದರೆ ಏಳನ್ನೂ ಒಂದೇ ಭಾಗದಡಿ ತರುವುದು. ಮೇಲೆ ಒಂದು ಸಾಲಿನಲ್ಲಿ ಒಟ್ಟು ಚಿತ್ರ, ಕೆಳಗೆ ಒಂದೊಂದು ಕಡೆಗೂ ಒಂದೊಂದು ಸಾಲು, ಆಮೇಲೆ ಮಾಡಿದ ಕೆಲಸದ ವಿವರ ಒಂದೇ ಸಲ. ಕೇಳಲು ಸುಲಭ. ಆದರೆ ಸೇರಿಸುವಾಗಲೇ ತಪ್ಪು ನುಸುಳುತ್ತದೆ, ಮುಖ್ಯವಾಗಿ ತಾರೀಖಿನಲ್ಲಿ. ಅದಕ್ಕೇ ನಾವು ಮೊದಲು ರೆಸ್ಯೂಮೆಯನ್ನು ಮುಚ್ಚಿಟ್ಟು ಒಂದು ಬಿಳಿ ಹಾಳೆ ತೆಗೆದುಕೊಂಡೆವು.

ಹಾಳೆಯಲ್ಲಿ ಗೆರೆ ಎಳೆದು ಇಷ್ಟು ಕಲಂ ಮಾಡಿದೆವು: ಎಲ್ಲಿ, ಯಾವ ತರಗತಿ, ಯಾವ ವಿಷಯ, ಸೇರಿದ ದಿನ, ಬಿಟ್ಟ ದಿನ, ವಾರಕ್ಕೆ ಎಷ್ಟು ಗಂಟೆ, ಕೈಯಲ್ಲಿ ಯಾವ ಕಾಗದ ಇದೆ. ಕೊನೆಯ ಕಲಂ ಬಹಳ ಜನ ಬಿಡುತ್ತಾರೆ. ಅದೇ ಎಲ್ಲಕ್ಕಿಂತ ಮುಖ್ಯ.

"ಮೊದಲ ಕೆಲಸಕ್ಕೆ ಯಾವಾಗ ಸೇರಿದೆ?" ಅಂತ ಕೇಳಿದೆ.

"ಹಾಸನಾಂಬ ಬಾಗಿಲು ತೆಗೆಯೋಕೆ ಮುಂಚೆ ಅಕ್ಕ. ನವೆಂಬರ್ ಅಂತ ಬರ್ದಿದೀನಲ್ಲ."

ಹಾಸನಾಂಬ ಬಾಗಿಲು 2021ರಲ್ಲಿ ತೆರೆದದ್ದು ಅಕ್ಟೋಬರ್ ಕೊನೆಗೆ. ಅದಕ್ಕೂ ಮುಂಚೆ ಅಂದರೆ ನವೆಂಬರ್ ಹೇಗಾಗುತ್ತದೆ? ಫೈಲು ತಿರುವಿದರೆ ಹಾಜರಾದ ವರದಿ ಸಿಕ್ಕಿತು: ಅಕ್ಟೋಬರ್ 4. ಅವಳು ಬ್ಯಾಂಕ್ ಪಾಸ್‌ಬುಕ್ ನೋಡಿ ತಾರೀಖು ಬರೆದಿದ್ದಳು. ಮೊದಲ ಸಂಬಳ ಬಿದ್ದದ್ದು ನವೆಂಬರ್‌ನಲ್ಲಿ, ಹಾಗಾಗಿ ಸೇರಿದ್ದೂ ನವೆಂಬರ್ ಆಗಿಬಿಟ್ಟಿತ್ತು. ಗೌರವಧನದ ಕೆಲಸದಲ್ಲಿ ಪಾಸ್‌ಬುಕ್ ನಂಬಲೇಬಾರದು. ಮೂರು ತಿಂಗಳ ದುಡ್ಡು ಒಂದೇ ಸಲ ಬರುತ್ತದೆ, ಅದೂ ಕೆಲಸ ಮುಗಿದು ಎಷ್ಟೋ ದಿನದ ಮೇಲೆ. ಬೇರೆ ಒಂದು ಕಡೆ ಇವಳು ಮೇನಲ್ಲಿ ಬಿಡುಗಡೆಯಾಗಿದ್ದಳು, ಕೊನೆಯ ಕಂತು ಬಂದದ್ದು ಆಗಸ್ಟ್‌ನಲ್ಲಿ. ರೆಸ್ಯೂಮೆಯಲ್ಲಿ ಆಗಸ್ಟ್‌ವರೆಗೂ ಕೆಲಸದಲ್ಲಿದ್ದಳು! ಮೋಸ ಮಾಡುವ ಉದ್ದೇಶ ಖಂಡಿತ ಇರಲಿಲ್ಲ. ಆದರೆ ಅನುಭವ ಪತ್ರದ ಜೊತೆ ಇಟ್ಟು ನೋಡುವವರಿಗೆ ಅದು ಮೋಸದ ಹಾಗೇ ಕಾಣುತ್ತದೆ. ಹಾಜರಾದ ದಿನ, ಬಿಡುಗಡೆಯಾದ ದಿನ, ಇವೆರಡನ್ನೇ ಹಿಡಿಯಬೇಕು.

ಎಲ್ಲ ತಿದ್ದಿದ ಮೇಲೆ ಹಾಳೆ ಹೀಗಿತ್ತು. ಅರಸೀಕೆರೆಯ ಒಂದು ಅನುದಾನಿತ ಪಿಯು ಕಾಲೇಜಿನಲ್ಲಿ ಹೆರಿಗೆ ರಜೆಗೆ ಹೋದವರ ಜಾಗದಲ್ಲಿ ಅಕ್ಟೋಬರ್ 2021ರಿಂದ ಮಾರ್ಚ್ 2022ರವರೆಗೆ, ಆರು ತಿಂಗಳು. ಹಾಸನದ ಒಂದು ಟ್ಯೂಷನ್ ಸೆಂಟರ್‌ನಲ್ಲಿ ಸಂಜೆ ಹೊತ್ತು, ಜೂನ್ 2022ರಿಂದ ಫೆಬ್ರವರಿ 2023, ಒಂಬತ್ತು ತಿಂಗಳು. ಅರಕಲಗೂಡಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಜನವರಿಯಿಂದ ಮೇ 2023, ಐದು ತಿಂಗಳು. ಬೇಲೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಎರಡು ಸಲ: ಸೆಪ್ಟೆಂಬರ್ 2023ರಿಂದ ಜನವರಿ 2024, ಮತ್ತೆ ಏಪ್ರಿಲ್‌ನಿಂದ ಆಗಸ್ಟ್ 2024, ತಲಾ ಐದು ತಿಂಗಳು. ನಡುವೆ 2024ರ ಫೆಬ್ರವರಿ, ಮಾರ್ಚ್‌ನಲ್ಲಿ ಇಬ್ಬರು ಬಿ.ಕಾಂ. ಹುಡುಗರಿಗೆ ಮನೆಪಾಠ. ಮತ್ತೆ ಅದೇ ಮಾರ್ಚ್‌ನಲ್ಲಿ ಚನ್ನರಾಯಪಟ್ಟಣದ ಒಂದು ಕಾಲೇಜಿನಲ್ಲಿ ಜಿಎಸ್‌ಟಿ ಬಗ್ಗೆ ಒಂದು ದಿನದ ಉಪನ್ಯಾಸ.

ಈ ಕೊನೆಯದರ ಬಗ್ಗೆ ಸ್ವಲ್ಪ ಹೇಳಬೇಕು. ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಮಾತು ಒಂದೇ ಥರ ಕೇಳುವುದರಿಂದ ಬರುವ ಗೊಂದಲ ಇದು. ಅತಿಥಿ ಉಪನ್ಯಾಸಕಿ ಅಂದರೆ ಸೆಮಿಸ್ಟರ್ ಪೂರ್ತಿ ಟೈಮ್‌ಟೇಬಲ್‌ನಲ್ಲಿ ಹೆಸರಿದ್ದು, ಸಿಲಬಸ್ ಮುಗಿಸಿ, ಆಂತರಿಕ ಅಂಕ ಕೊಟ್ಟವಳು. ಅತಿಥಿ ಉಪನ್ಯಾಸ ಕೊಟ್ಟವಳು ಅಂದರೆ ಒಂದು ದಿನ ಹೋಗಿ ಎರಡು ಗಂಟೆ ಮಾತಾಡಿ, ಹಾರ ಶಾಲು ಹಾಕಿಸಿಕೊಂಡು ಬಂದವಳು. ಎರಡಕ್ಕೂ ಬೆಲೆ ಇದೆ. ಆದರೆ ಒಂದರ ಪಕ್ಕ ಇನ್ನೊಂದನ್ನು ಅದೇ ದರ್ಜೆಯಲ್ಲಿ ಬರೆದರೆ ಓದುವವರು ಎರಡನ್ನೂ ಸಣ್ಣದು ಅಂದುಕೊಳ್ಳುತ್ತಾರೆ. ಬೇಲೂರಿನ ಹತ್ತು ತಿಂಗಳ ಕೆಲಸವೂ ಶಾಲು ಹಾಕಿಸಿಕೊಂಡ ಲೆಕ್ಕಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ಒಂದು ದಿನದ ಮಾತುಗಳಿಗೆ ತಿಂಗಳ ಲೆಕ್ಕದಲ್ಲಿ ಜಾಗವಿಲ್ಲ. ಭಾಗದ ಕೊನೆಯಲ್ಲಿ "ವಿಶೇಷ ಉಪನ್ಯಾಸ" ಅಂತ ಒಂದು ಸಾಲು ಸಾಕು. ಇದೇ ಕಾರಣಕ್ಕೆ ಪ್ರತಿ ಸಾಲಿನಲ್ಲೂ ವಾರಕ್ಕೆ ಎಷ್ಟು ಗಂಟೆ ಅಂತ ಬರೆಯಬೇಕು. "ವಾರಕ್ಕೆ 15 ಗಂಟೆ" ಅಂತ ಕಂಡ ಕೂಡಲೇ ಅದು ಪೂರ್ತಿ ಕಾರ್ಯಭಾರದ ಕೆಲಸ ಅಂತ ನಮಗೆ ತಿಳಿಯುತ್ತದೆ. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ವಾರಕ್ಕೆ 15 ಗಂಟೆ ಅಂತ ಆದದ್ದು 2022ರ ಜನವರಿಯ ಬದಲಾವಣೆಯ ನಂತರ. ಅದಕ್ಕೂ ಹಿಂದೆ ಮಾಡಿದವರ ಗಂಟೆ ಕಡಿಮೆ ಇರುತ್ತದೆ. ಅವರವರದನ್ನು ಇದ್ದ ಹಾಗೇ ಬರೆದರಾಯಿತು.

ಮನೆಪಾಠವನ್ನು ಹೊಡೆದು ಹಾಕು ಅಂದೆ. ಅವಳಿಗೆ ಇಷ್ಟವಾಗಲಿಲ್ಲ. "ಹಾಗಾದ್ರೆ ಎರಡು ತಿಂಗಳು ಗ್ಯಾಪ್ ಕಾಣ್ಸಲ್ವಾ ಅಕ್ಕ?"

ಕಾಣುತ್ತದೆ. ಆದರೆ ಅದು ಸೆಮಿಸ್ಟರ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ಗ್ಯಾಪ್. ಕಾಲೇಜಿನವರಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ. ಅದನ್ನು ಮುಚ್ಚಲು ಇಬ್ಬರು ಹುಡುಗರ ಮನೆಪಾಠವನ್ನು ಒಂದು ಕಾಲೇಜಿನ ಸಮಕ್ಕೆ ನಿಲ್ಲಿಸಿದರೆ ಉಳಿದ ಸಾಲುಗಳ ತೂಕವೂ ಇಳಿಯುತ್ತದೆ. ಇವಳು ಕೋಚಿಂಗ್ ಸೆಂಟರ್‌ಗೆ ಅರ್ಜಿ ಹಾಕುತ್ತಿದ್ದರೆ ನಾನೇ ಇರಲಿ ಅನ್ನುತ್ತಿದ್ದೆ. ಅಲ್ಲಿ ಅದಕ್ಕೆ ಬೆಲೆ ಬೇರೆ.

ಈಗ ಲೆಕ್ಕ. ಐದು ಕೆಲಸಗಳ ತಿಂಗಳುಗಳನ್ನು ಕೂಡಿದರೆ 6, 9, 5, 5, 5, ಒಟ್ಟು 30. ಇವಳು ಖುಷಿಯಿಂದ "ಎರಡೂವರೆ ವರ್ಷ!" ಅಂದಳು. ಆದರೆ 2023ರ ಜನವರಿ, ಫೆಬ್ರವರಿಯಲ್ಲಿ ಬೆಳಿಗ್ಗೆ ಅರಕಲಗೂಡು, ಸಂಜೆ ಹಾಸನದ ಟ್ಯೂಷನ್. ಆ ಎರಡು ತಿಂಗಳು ಎರಡು ಸಲ ಎಣಿಸಿಬಿಟ್ಟಿದ್ದೇವೆ. ಕ್ಯಾಲೆಂಡರ್‌ನಲ್ಲಿ ಅವು ಎರಡೇ. ಹಾಗಾಗಿ 28.

ತಾಳೆ ನೋಡಲು ಒಂದು ಸುಲಭ ದಾರಿ ಇದೆ. ಮೊದಲ ತಿಂಗಳಿನಿಂದ ಕೊನೆಯ ತಿಂಗಳವರೆಗೆ ಎಣಿಸಿ, ನಡುವೆ ಖಾಲಿ ಇದ್ದ ತಿಂಗಳು ಕಳೆಯಿರಿ. ಅಕ್ಟೋಬರ್ 2021ರಿಂದ ಆಗಸ್ಟ್ 2024ಕ್ಕೆ 35 ತಿಂಗಳು. ಖಾಲಿ ಇದ್ದದ್ದು 2022ರ ಏಪ್ರಿಲ್, ಮೇ, 2023ರ ಜೂನ್, ಜುಲೈ, ಆಗಸ್ಟ್, 2024ರ ಫೆಬ್ರವರಿ, ಮಾರ್ಚ್. ಒಟ್ಟು ಏಳು. 35ರಲ್ಲಿ 7 ಹೋದರೆ 28. ಎರಡೂ ಕಡೆಯಿಂದ ಒಂದೇ ಸಂಖ್ಯೆ ಬಂತು ಅಂದರೆ ಲೆಕ್ಕ ಸರಿ ಇದೆ. ಬರದಿದ್ದರೆ ಎಲ್ಲೋ ಒಂದು ತಾರೀಖು ತಪ್ಪಿದೆ, ಇಲ್ಲ ಎರಡು ಕೆಲಸ ಒಂದರ ಮೇಲೊಂದು ಬಿದ್ದಿವೆ.

ಈ 35 ಮತ್ತು 28ರ ವ್ಯತ್ಯಾಸವೇ ಸೇರಿಸಿ ಬರೆಯುವುದರಲ್ಲಿರುವ ದೊಡ್ಡ ಅಪಾಯ. ತಲೆಬರಹದ ಪಕ್ಕ "ಅಕ್ಟೋಬರ್ 2021 – ಆಗಸ್ಟ್ 2024" ಅಂತ ಮಾತ್ರ ಹಾಕಿದರೆ ಓದುವವರು ಸುಮ್ನೆ ಮೂರು ವರ್ಷ ಅಂದುಕೊಳ್ಳುತ್ತಾರೆ. ಸಂದರ್ಶನದಲ್ಲಿ ಪತ್ರಗಳನ್ನು ಬಿಚ್ಚಿದಾಗ ಏಳು ತಿಂಗಳು ಕಾಣೆ! ಆಗ ಉಳಿದದ್ದರ ಮೇಲೂ ನಂಬಿಕೆ ಹೋಗುತ್ತದೆ. ಅದಕ್ಕೇ ಆ ಸಾಲಿನಲ್ಲೇ "ಒಟ್ಟು ಬೋಧನೆ 28 ತಿಂಗಳು" ಅಂತಲೂ ಇರಬೇಕು.

ಅಷ್ಟೂ ಸಾಲದು. ಆ 28ರಲ್ಲಿ ಪದವಿ ತರಗತಿಗೆ ಪಾಠ ಮಾಡಿದ್ದು 15 ತಿಂಗಳು ಮಾತ್ರ. ಪದವಿ ಕಾಲೇಜಿನವರಿಗೆ ಬೇಕಾದ ಸಂಖ್ಯೆ ಅದೇ. ಪಿಯುಸಿ ಮತ್ತು ಟ್ಯೂಷನ್ ಅದಕ್ಕೆ ಜೊತೆಯಾಗುತ್ತವೆ, ಬದಲಿಯಾಗುವುದಿಲ್ಲ. ಹಾಗಾಗಿ ಒಂದೇ ಭಾಗದೊಳಗೆ ಮೂರು ಗುಂಪು ಮಾಡಿದೆವು: ಪದವಿ, ಪಿಯುಸಿ, ಟ್ಯೂಷನ್. ತಾರೀಖಿನ ಕ್ರಮಕ್ಕಿಂತ ತರಗತಿಯ ಮಟ್ಟದ ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗುಂಪಿನ ಒಳಗೆ ಹೊಸದು ಮೇಲೆ. ಬೇಲೂರಿನ ಎರಡು ಸೆಮಿಸ್ಟರ್‌ಗಳನ್ನು ಒಂದೇ ಸಾಲಿಗೆ ತಂದೆವು. ಅದೇ ಕಾಲೇಜಿಗೆ ಮತ್ತೆ ಹೋಗಿದ್ದಾಳೆ ಅಂದರೆ ಒಂದು ಒಳ್ಳೆಯ ಸೂಚನೆ. ಅದನ್ನು ಎರಡು ತುಂಡು ಮಾಡಿ ಹಾಳು ಮಾಡಬಾರದು.

ಕೊನೆಗೆ ಬಂದದ್ದು ಹೀಗೆ. ನಮ್ಮ ಕಡೆ ರೆಸ್ಯೂಮೆ ಇಂಗ್ಲಿಷ್‌ನಲ್ಲೇ ಇರುತ್ತದೆ, ಇಲ್ಲಿ ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಬೋಧನಾ ಅನುಭವ: ವಾಣಿಜ್ಯಶಾಸ್ತ್ರ, ಹಾಸನ ಜಿಲ್ಲೆ
ಅಕ್ಟೋಬರ್ 2021 – ಆಗಸ್ಟ್ 2024, ಸೆಮಿಸ್ಟರ್ ಹಾಗೂ ಅಲ್ಪಾವಧಿ ನೇಮಕಗಳು. ಒಟ್ಟು ಬೋಧನೆ 28 ತಿಂಗಳು, ಅದರಲ್ಲಿ ಪದವಿ ಮಟ್ಟದಲ್ಲಿ 15.

ಪದವಿ: ಅತಿಥಿ ಉಪನ್ಯಾಸಕಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಬೇಲೂರು. ಸೆಪ್ಟೆಂಬರ್ 2023 – ಜನವರಿ 2024 ಮತ್ತು ಏಪ್ರಿಲ್ – ಆಗಸ್ಟ್ 2024. ವಾರಕ್ಕೆ 15 ಗಂಟೆ.
ಅತಿಥಿ ಉಪನ್ಯಾಸಕಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಅರಕಲಗೂಡು. ಜನವರಿ – ಮೇ 2023. ವಾರಕ್ಕೆ 15 ಗಂಟೆ.
ಪಿಯುಸಿ: ಲೆಕ್ಕಶಾಸ್ತ್ರ ಉಪನ್ಯಾಸಕಿ, ರಜೆ ಅವಧಿಯ ಬದಲಿ ನೇಮಕ, ಅನುದಾನಿತ ಪಿಯು ಕಾಲೇಜು, ಅರಸೀಕೆರೆ. ಅಕ್ಟೋಬರ್ 2021 – ಮಾರ್ಚ್ 2022. ವಾರಕ್ಕೆ 16 ಗಂಟೆ.
ಟ್ಯೂಷನ್: ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರ, ಸಂಜೆ ತರಗತಿ, ಹಾಸನ. ಜೂನ್ 2022 – ಫೆಬ್ರವರಿ 2023. ವಾರಕ್ಕೆ 10 ಗಂಟೆ.

ಪಾಠ ಮಾಡಿದ ವಿಷಯಗಳು: ಹಣಕಾಸು ಲೆಕ್ಕಶಾಸ್ತ್ರ, ವೆಚ್ಚ ಲೆಕ್ಕಶಾಸ್ತ್ರ, ಆದಾಯ ತೆರಿಗೆ.
ಆಂತರಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿ ಮತ್ತು ಅಂಕ ನೀಡಿಕೆ. ಕಂಪ್ಯೂಟರ್ ಲ್ಯಾಬಿನಲ್ಲಿ ಟ್ಯಾಲಿ ಅಭ್ಯಾಸ.
ಅರಸೀಕೆರೆಯಲ್ಲಿ ಅರ್ಧ ವರ್ಷದಲ್ಲಿ ತರಗತಿ ವಹಿಸಿಕೊಂಡು ಉಳಿದ ಲೆಕ್ಕಶಾಸ್ತ್ರದ ಪಾಠ ಪೂರ್ತಿ. ಆ ತರಗತಿಯ 42 ವಿದ್ಯಾರ್ಥಿಗಳಲ್ಲಿ 39 ಮಂದಿ ತೇರ್ಗಡೆ.
ವಿಶೇಷ ಉಪನ್ಯಾಸ: ಜಿಎಸ್‌ಟಿ ಪರಿಚಯ, ಚನ್ನರಾಯಪಟ್ಟಣ, ಮಾರ್ಚ್ 2024.

ಮೂರು ಪುಟ ಅರ್ಧ ಪುಟಕ್ಕೆ ಇಳಿಯಿತು. ರೆಸ್ಯೂಮೆಯಲ್ಲಿ ಅನುದಾನಿತ ಕಾಲೇಜು, ಟ್ಯೂಷನ್ ಸೆಂಟರ್ ಅಂದ ಕಡೆ ಅವುಗಳ ಹೆಸರೇ ಇದೆ, ಇಲ್ಲಿ ನಾನು ಬಿಟ್ಟಿದ್ದೇನೆ.

ವಿಷಯಗಳ ಸಾಲನ್ನು ಪೇಪರಿನ ಹೆಸರಿನಲ್ಲಲ್ಲ, ಸಾಮಾನ್ಯ ಹೆಸರಿನಲ್ಲಿ ಬರೆದದ್ದಕ್ಕೆ ಕಾರಣ ಇದೆ. ಕರ್ನಾಟಕದಲ್ಲಿ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024–25ರಿಂದ ಸೇರಿದವರಿಗೆ ಮತ್ತೆ ಮೂರು ವರ್ಷದ ಹೊಸ ಪಠ್ಯಕ್ರಮ. ಪೇಪರಿನ ಹೆಸರು, ಕೋಡು, ಸೆಮಿಸ್ಟರ್ ಎಲ್ಲ ಅದಲು ಬದಲು. ಇವಳು ಹಳೆಯ ಕೋಡ್ ಸಮೇತ ಒಂಬತ್ತು ಪೇಪರ್ ಪಟ್ಟಿ ಮಾಡಿದ್ದಳು. ಓದುವವರಿಗೆ ಬೇಕಾದದ್ದು ಈಗ ಖಾಲಿ ಇರುವ ಪೇಪರನ್ನು ಈಕೆಗೆ ಕೊಡಬಹುದಾ ಅನ್ನುವುದು. ಅದಕ್ಕೆ "ವೆಚ್ಚ ಲೆಕ್ಕಶಾಸ್ತ್ರ" ಅನ್ನುವ ಎರಡು ಪದ ಸಾಕು.

ಫಲಿತಾಂಶದ ಸಾಲಿನ ಬಗ್ಗೆ ನಮ್ಮಿಬ್ಬರಿಗೂ ಸಣ್ಣ ಜಗಳವೇ ಆಯಿತು. ಅವಳು "ಶೇ 93 ಫಲಿತಾಂಶ ತಂದೆ" ಅಂತ ಬರೆದಿದ್ದಳು. ಆ ಮಕ್ಕಳಿಗೆ ವರ್ಷದ ಮೊದಲ ಅರ್ಧ ಪಾಠ ಮಾಡಿದವರು ಬೇರೆಯವರು. ಅರ್ಧ ವರ್ಷದಲ್ಲಿ ವಹಿಸಿಕೊಂಡದ್ದನ್ನು ಹೇಳಿ, ಆಮೇಲೆ ಸಂಖ್ಯೆ ಕೊಟ್ಟರೆ ಅದೇ ಹೆಚ್ಚು ಚೆನ್ನಾಗಿ ಕಾಣುತ್ತದೆ. ನಡುವೆ ಬಂದು ತರಗತಿಯನ್ನು ದಡ ಸೇರಿಸುವುದು ಎಷ್ಟು ಕಷ್ಟ ಅಂತ ಮೇಷ್ಟ್ರುಗಳಿಗೆ ಗೊತ್ತು. ಇನ್ನು ಕೆಲವರು "1,500 ಗಂಟೆ ಬೋಧನೆ" ಅಂತ ದೊಡ್ಡ ಸಂಖ್ಯೆ ಹಾಕುತ್ತಾರೆ. ವಾರದ ಗಂಟೆಯನ್ನು ವಾರಗಳಿಂದ ಗುಣಿಸಿದ್ದು ಅದು. ಪರೀಕ್ಷೆ, ರಜೆ, ಕ್ರೀಡಾಕೂಟ ಯಾವುದನ್ನೂ ಕಳೆದಿರುವುದಿಲ್ಲ. ನಾನಂತೂ ಅದನ್ನು ನೋಡಿದ ತಕ್ಷಣ ಮುಂದಿನ ಸಾಲಿಗೆ ಹೋಗುತ್ತೇನೆ.

ಹುದ್ದೆಯ ಹೆಸರು ನೇಮಕ ಪತ್ರದಲ್ಲಿ ಏನಿದೆಯೋ ಅದೇ ಇರಲಿ. ಅತಿಥಿ ಉಪನ್ಯಾಸಕಿ ಆಗಿದ್ದವಳು ಸಹಾಯಕ ಪ್ರಾಧ್ಯಾಪಕಿ ಅಂತ ಬರೆದರೆ ಪತ್ರ ತೆಗೆದ ಮರುಕ್ಷಣ ಸಿಕ್ಕಿಬೀಳುತ್ತಾಳೆ.

ಎಲ್ಲರೂ ಎಲ್ಲವನ್ನೂ ಹೀಗೆ ಸೇರಿಸಬೇಕು ಅಂತಲ್ಲ. ಇದು ಒಂದೇ ಥರದ, ಸಣ್ಣ ಸಣ್ಣ ಕೆಲಸಗಳಿಗೆ ಹೊಂದುತ್ತದೆ. ನಡುವೆ ಎರಡು ವರ್ಷ ಒಂದೇ ಕಡೆ ಪೂರ್ಣಾವಧಿ ಇದ್ದರೆ ಅದನ್ನು ಗುಂಪಿನಲ್ಲಿ ಹೂಳಬೇಡಿ, ಅದಕ್ಕೆ ಅದರದೇ ತಲೆಬರಹ ಕೊಡಿ. ಆಡಿಟರ್ ಆಫೀಸಿನಲ್ಲಿ ಆರು ತಿಂಗಳು ಕೂತಿದ್ದರೆ ಅದು ಬೋಧನೆಯಲ್ಲ, ಬೇರೆ ಭಾಗಕ್ಕೆ ಹೋಗಲಿ.

ಸರ್ಕಾರಿ ನೇಮಕಾತಿ ಅಥವಾ ವಿಶ್ವವಿದ್ಯಾಲಯದ ಅರ್ಜಿ ನಮೂನೆಯಲ್ಲಂತೂ ಸೇರಿಸುವ ಹಾಗೇ ಇಲ್ಲ. ಅಲ್ಲಿ ಪ್ರತಿ ಸಂಸ್ಥೆಗೂ ಒಂದು ಸಾಲು, ದಿನ-ತಿಂಗಳು-ವರ್ಷ ಸಮೇತ ಕೇಳುತ್ತಾರೆ. ಬೇಲೂರಿನ ಎರಡು ಅವಧಿಗೂ ಎರಡು ಸಾಲು ಆಗುತ್ತವೆ. ಅಲ್ಲಿಗೆ ನಮ್ಮ ಬಿಳಿ ಹಾಳೆಯೇ ಬೇಕು, ರೆಸ್ಯೂಮೆ ಅಲ್ಲ. ದಿನಗಳ ಲೆಕ್ಕ ಯಾಕೆ ಅಂದರೆ, ಯುಜಿಸಿಯ 2018ರ ನಿಯಮಗಳಲ್ಲಿ ಸಹಾಯಕ ಪ್ರಾಧ್ಯಾಪಕರ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆರಿಸುವಾಗ ಬೋಧನೆಗೆ ವರ್ಷಕ್ಕೆ 2 ಅಂಕ, ಗರಿಷ್ಠ 10 ಅಂತ ಇದೆ. ವರ್ಷಕ್ಕಿಂತ ಕಡಿಮೆ ಇದ್ದರೆ ಅಷ್ಟಕ್ಕೆ ತಕ್ಕ ಪಾಲು. ಅದೇ ನಿಯಮಗಳಲ್ಲಿ ಇನ್ನೊಂದು ಮಾತೂ ಇದೆ. ತಾತ್ಕಾಲಿಕ, ಗುತ್ತಿಗೆ ಸೇವೆಯನ್ನು ಹಿಂದಿನ ಸೇವೆಯಾಗಿ ಎಣಿಸಬೇಕಾದರೆ ಹುದ್ದೆಗೆ ಬೇಕಾದ ಅರ್ಹತೆ ಆಗಲೇ ಇರಬೇಕು, ಸರಿಯಾದ ಆಯ್ಕೆ ಸಮಿತಿಯ ಮೂಲಕ ಬಂದಿರಬೇಕು, ಸಂಬಳ ಖಾಯಂ ಸಹಾಯಕ ಪ್ರಾಧ್ಯಾಪಕರಿಗಿಂತ ಕಡಿಮೆ ಇರಬಾರದು. ಗೌರವಧನದವರಿಗೆ ಈ ಕೊನೆಯದು ದಾಟುವುದೇ ಕಷ್ಟ. ಆದ್ದರಿಂದ ರೆಸ್ಯೂಮೆಯ 28 ತಿಂಗಳನ್ನು ಹಾಗೇ ಅಲ್ಲಿ ಹಾಕಿ ಅಂಕ ಎಣಿಸಿಕೊಂಡು ಕೂರಬಾರದು.

ಉಳಿದದ್ದು ಕಾಗದದ ಕಲಂ. ಮೂರು ಕಾಲೇಜುಗಳಲ್ಲಿ ಎರಡರ ಅನುಭವ ಪತ್ರ ಇತ್ತು, ಅದರಲ್ಲಿ ಒಂದರಲ್ಲಿ ಸೇರಿದ ದಿನವಿದೆ, ಬಿಟ್ಟ ದಿನವೇ ಇಲ್ಲ! "2023ರಿಂದ ಕೆಲಸ ನಿರ್ವಹಿಸಿದ್ದಾರೆ, ನಡತೆ ಉತ್ತಮ" ಅಂತ ಮುಗಿಸಿದ್ದರು. ನಡತೆ ಉತ್ತಮ ಅನ್ನುವುದರಿಂದ ತಿಂಗಳ ಲೆಕ್ಕ ಹುಟ್ಟುವುದಿಲ್ಲ. ಪತ್ರದಲ್ಲಿ ಎರಡೂ ತಾರೀಖು, ವಿಷಯ, ವಾರದ ಗಂಟೆ, ಸೀಲು, ಸಹಿ ಇರಬೇಕು. ಬಿಡುಗಡೆಯಾಗುವ ದಿನವೇ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು. ಪ್ರಾಂಶುಪಾಲರಿಗೆ ವರ್ಗವಾದರೆ ಹೊಸಬರಿಗೆ ನಾವು ಯಾರೋ, ಹಳೆಯ ರಿಜಿಸ್ಟರ್ ಹುಡುಕಿಸುವುದೇ ಒಂದು ಕೆಲಸ.

ಟ್ಯೂಷನ್ ಸೆಂಟರ್‌ನವರ ಹತ್ತಿರ ಲೆಟರ್‌ಹೆಡ್ ಕೂಡ ಇಲ್ಲವಂತೆ. ಬಿಳಿ ಹಾಳೆಯಲ್ಲೇ ಎರಡು ತಾರೀಖು, ವಿಷಯ, ಫೋನ್ ನಂಬರ್ ಬರೆದು ಸಹಿ ಹಾಕಿಸಿಕೊ ಅಂದೆ. ಫೋನ್ ಮಾಡಿ ಕೇಳಿದರೆ ಹೌದು ಅನ್ನಲು ಅವರು ಒಪ್ಪಿದರೆ ಸಾಕು. ಸೋಮವಾರ ಬಸ್ ಹತ್ತುವ ಮುಂಚೆ ಅಲ್ಲಿಗೂ ಹೋಗಿ ಬಂದಳು. ಮಧ್ಯಾಹ್ನ ಫೋನ್ ಮಾಡಿದಳು: "ಅಕ್ಕ, ಸರ್ ಬರ್ಕೊಟ್ರು. ಆದ್ರೆ ನಾನು ಜೂನ್ ಅಲ್ವಂತೆ, ಜುಲೈ ಒಂದಕ್ಕೆ ಸೇರಿದ್ದಂತೆ. ಹಾಜರಿ ಬುಕ್ ತೋರ್ಸಿದ್ರು."

"ಹಾಗಾದ್ರೆ ಟ್ಯೂಷನ್ ಎಂಟು ತಿಂಗಳು, ಒಟ್ಟು 27. ಮೇಲಿನ ಸಾಲೂ ತಿದ್ದು, ಕೆಳಗಿನ ಸಾಲೂ ತಿದ್ದು" ಅಂದೆ.